ಅಪ್‌ಡೇಟ್: ಮಾರ್ಚ್ ಸಂಬಳ, ಬಾಡಿಗೆ ಲೆಕ್ಕ ಸರಿಯಾಯಿತು

ನಾನು ಕೇಳಿದ್ದು: ಮಡಿಕೇರಿಯಲ್ಲಿ ಅಕ್ಕ, ನಾನು ಪಾಲುದಾರಿಕೆಯಲ್ಲಿ ಕಾಫಿಪುಡಿ ಅಂಗಡಿ ನಡೆಸುತ್ತೇವೆ. ಮಾರ್ಚ್ ಸಂಬಳ, ಬಾಡಿಗೆ ಕೊಡುವುದು ಏಪ್ರಿಲ್‌ನಲ್ಲಿ. ಯಾವ ವರ್ಷಕ್ಕೆ ಬರೆಯಲಿ?

ನೀವು ಹೇಳಿದಂತೆ ಮಾರ್ಚ್ 31ಕ್ಕೇ ಬರೆದೆ. ಸಂಬಳಕ್ಕೆ 36,000, ಬಾಡಿಗೆಗೆ 15,000 ಡೆಬಿಟ್. ಎದುರಿಗೆ 'ಕೊಡಬೇಕಾದ ಸಂಬಳ', 'ಕೊಡಬೇಕಾದ ಬಾಡಿಗೆ' ಖಾತೆಗಳಿಗೆ ಕ್ರೆಡಿಟ್. ಲಾಭ 51,000 ಇಳಿಯಿತು, ಅಷ್ಟೇ ಮೊತ್ತ ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿಯಾಗಿ ಬಂತು.

ಎಡವಿದ್ದು ಆಮೇಲೆ. ಏಪ್ರಿಲ್ 7ಕ್ಕೆ ದುಡ್ಡು ಕೊಟ್ಟಾಗ ಅಭ್ಯಾಸದಂತೆ ಮತ್ತೆ ಸಂಬಳ ಖಾತೆಗೇ ಡೆಬಿಟ್ ಮಾಡಿಬಿಟ್ಟೆ. ಒಂದೇ ಖರ್ಚು ಎರಡು ಸಲ! ಜೂನ್‌ನಲ್ಲಿ ನೋಡಿದರೆ, ಎಲ್ಲರಿಗೂ ಕೊಟ್ಟಾಗಿದ್ದರೂ ಬಾಕಿ ಖಾತೆಯಲ್ಲಿ 36,000 ಸುಮ್ನೆ ಕೂತಿತ್ತು. 'ಕೊಡಬೇಕಾದ ಸಂಬಳ'ಕ್ಕೆ ಡೆಬಿಟ್, ಸಂಬಳಕ್ಕೆ ಕ್ರೆಡಿಟ್ ಹಾಕಿ ತಿದ್ದಿದೆ. ಬಾಡಿಗೆ ಮಾತ್ರ ಮೊದಲೇ ಸರಿಯಿತ್ತು. ಅದನ್ನು ಬರೆದವಳು ಅಕ್ಕ.