ಇಷ್ಟು ಚಳಿ ಇದ್ದರೂ ಭೂಮಿ ಬಿಸಿಯಾಗುತ್ತಿದೆಯಾ?

ಪ್ರಶ್ನೆ (ಹತ್ತನೇ ತರಗತಿ, ಮೂಡಿಗೆರೆ): ಮೇಡಂ, ಈ ಜನವರಿಯಲ್ಲಿ ಸ್ವೆಟರ್ ಇಲ್ಲದೆ ಬೆಳಿಗ್ಗೆ ಸ್ಕೂಲಿಗೆ ಹೋಗೋಕೇ ಆಗ್ತಿಲ್ಲ. ಪುಸ್ತಕದಲ್ಲಿ ಭೂಮಿ ಬಿಸಿಯಾಗ್ತಿದೆ ಅಂತಿದೆ. ಯಾವುದನ್ನ ನಂಬಬೇಕು?

ಪೋಷಕರೊಬ್ಬರು, ಚಿಕ್ಕಮಗಳೂರು: ನಾಲ್ಕು ದಿನದ ಚಳಿ ನೋಡಿ ತೀರ್ಮಾನ ಮಾಡೋಕಾಗಲ್ಲ ಪುಟ್ಟ. ಓಝೋನ್ ಪದರ ತೂತಾಗಿದೆ, ಬಿಸಿಲು ಜಾಸ್ತಿ ಒಳಗೆ ಬರ್ತಿದೆ. ಅದಕ್ಕೇ ಬಿಸಿ.

ಕೃಷಿ ಹವಾಮಾನ ತಜ್ಞೆ, ಹಾಸನ: ಮೊದಲನೇ ಮಾತು ಸರಿ. ಈ ವಾರದ ಚಳಿ ಹವಾಮಾನ. ಕನಿಷ್ಠ 30 ವರ್ಷದ ಸರಾಸರಿ ತೆಗೆದರೆ ಸಿಗುವುದು ವಾಯುಗುಣ. ಓಝೋನ್ ವಿಷಯ ಬೇರೆ. ಆ ತೂತು ಅಂಟಾರ್ಕ್ಟಿಕಾದ ಮೇಲಿದೆ, ಅದರಿಂದ ಜಾಸ್ತಿಯಾಗುವುದು ನೇರಳಾತೀತ ಕಿರಣ. ಬಿಸಿಲೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗೆ ಬಿಸಿಯಾಗುತ್ತಿದೆ, ಮೇಲೆ ತಣ್ಣಗಾಗುತ್ತಿದೆ.

ಹಸಿರುಮನೆ ಪರಿಣಾಮವನ್ನು ನೀನೇ ನೋಡಬಹುದು. ಎರಡು ವಾರ ಬೆಳಿಗ್ಗೆ 6ಕ್ಕೆ ಥರ್ಮಾಮೀಟರ್ ನೋಡಿ ಬರೆದಿಡು, ರಾತ್ರಿ ಮೋಡ ಇತ್ತಾ ಅಂತಲೂ ಬರೆ. ಆಕಾಶ ಶುಭ್ರವಾಗಿದ್ದ ರಾತ್ರಿ ನೆಲದ ಶಾಖ ಸರಾಗವಾಗಿ ಮೇಲೆ ಹೋಗುತ್ತದೆ. ಬೆಳಿಗ್ಗೆ ಕಾಫಿ ಎಲೆ ಮೇಲೆಲ್ಲ ಇಬ್ಬನಿ, ಚಳಿಯೂ ಜಾಸ್ತಿ. ಮೋಡ ಇದ್ದರೆ ಅದು ಶಾಖವನ್ನು ಹೀರಿ ಒಂದಿಷ್ಟನ್ನು ಕೆಳಗೆ ವಾಪಸ್ ಕಳಿಸುತ್ತದೆ, ಚಳಿ ತಗ್ಗುತ್ತದೆ. ಮೋಡ ಇಲ್ಲದಾಗಲೂ ನೀರಾವಿ, ಇಂಗಾಲದ ಡೈಆಕ್ಸೈಡ್ ಇದೇ ಕೆಲಸ ಮಾಡುತ್ತಿರುತ್ತವೆ. ಇವೇನೂ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಮೈನಸ್ 18 ಡಿಗ್ರಿ ಇರುತ್ತಿತ್ತು. ಈಗ ಸುಮಾರು 15 ಇದೆ. ಹಾಗಾಗಿ ಹಸಿರುಮನೆ ಪರಿಣಾಮವೇ ಕೆಟ್ಟದ್ದಲ್ಲ. ಕಾರ್ಖಾನೆ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣದಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ತೊಂದರೆ ಅಲ್ಲಿರುವುದು.

ಬೆಳೆಗಾರರು, ಸಕಲೇಶಪುರ: ನಮ್ಮಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕದ ಪುಸ್ತಕ ಇದೆ, ಇಂಚು, ಸೆಂಟಿನಲ್ಲಿ. ಹೋದ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬರಲೇ ಇಲ್ಲ, ಸ್ಪ್ರಿಂಕ್ಲರ್ ಹಾಕಿದೆವು. ಇದೇ ವಾಯುಗುಣ ಬದಲಾವಣೆ ತಾನೇ?

ತಜ್ಞೆ: ಒಂದೇ ವರ್ಷದಿಂದ ಹಾಗೆ ಹೇಳಲಾಗದು ಸರ್. ಆದರೆ ಆ ಪುಸ್ತಕ ಚಿನ್ನ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮಳೆಯನ್ನು ಮಾತ್ರ ತೆಗೆದುಕೊಳ್ಳಿ. ಮೊದಲ 30 ವರ್ಷದ ಸರಾಸರಿಯನ್ನು ಈಚಿನ 30 ವರ್ಷದ ಸರಾಸರಿ ಜೊತೆ ಹೋಲಿಸಿ. ಎಷ್ಟು ವರ್ಷ ಹೂಮಳೆ ತಪ್ಪಿತು ಅಂತಲೂ ಎಣಿಸಿ. ಅದಕ್ಕೂ ಮುಂಚೆ ಮಳೆಮಾಪಕದ ಪಕ್ಕ ಸಿಲ್ವರ್ ಓಕ್ ಏನಾದರೂ ಬೆಳೆದಿದೆಯಾ ನೋಡಿ. ಮರ ಮಳೆಯನ್ನು ತಡೆದರೂ ಪುಸ್ತಕದಲ್ಲಿ ಮಳೆ ಕಡಿಮೆಯಾದಂತೆಯೇ ಕಾಣುತ್ತದೆ. ಪಕ್ಕದ ತೋಟಗಳ ಲೆಕ್ಕವೂ ಹಾಗೇ ಹೇಳಿದರೆ ಬದಲಾವಣೆ ನಿಜ ಅನ್ನಬಹುದು. ಕಾರಣ ಏನು ಅನ್ನೋದು ಅಷ್ಟರಿಂದಲೇ ಗೊತ್ತಾಗುವುದಿಲ್ಲ.

ವಿದ್ಯಾರ್ಥಿನಿ: ಮೇಡಂ, ಹಗಲು ಮೋಡ ಇದ್ದರೆ ತಂಪಲ್ವಾ? ಹಾಗಾದರೆ ಮೋಡ ಬಿಸಿ ಮಾಡುತ್ತಾ, ತಂಪು ಮಾಡುತ್ತಾ?

ತಜ್ಞೆ: ಒಳ್ಳೆ ಪ್ರಶ್ನೆ! ಎರಡೂ ಮಾಡುತ್ತದೆ. ತಗ್ಗಿನ ದಟ್ಟ ಮೋಡ ಹಗಲು ಬಿಸಿಲನ್ನು ವಾಪಸ್ ಕಳಿಸುತ್ತದೆ, ಎತ್ತರದ ತೆಳು ಮೋಡ ಶಾಖವನ್ನು ಹಿಡಿಯುತ್ತದೆ. ಇಡೀ ಭೂಮಿಯ ಲೆಕ್ಕದಲ್ಲಿ ಈಗ ತಂಪೇ ಜಾಸ್ತಿ. ಬಿಸಿ ಏರಿದಂತೆ ಮೋಡಗಳು ಎಷ್ಟು ಬದಲಾಗುತ್ತವೆ ಅನ್ನುವುದರಲ್ಲಿ ವಿಜ್ಞಾನಿಗಳ ಅಂದಾಜು ಇನ್ನೂ ಒಂದೇ ಆಗಿಲ್ಲ.