ಬಿ.ಪಿ. ಮಾತ್ರೆ ಮತ್ತು ಗ್ರೇಪ್‌ಫ್ರೂಟ್ ಜ್ಯೂಸ್: ರಾತ್ರಿ ಕುಡಿದರೆ ಪರವಾಗಿಲ್ವಾ?

ಸುಮಾ: ಅಪ್ಪನಿಗೆ 71 ವರ್ಷ. ಬಿ.ಪಿ.ಗೆ ಫೆಲೋಡಿಪಿನ್ 10 ಮಿ.ಗ್ರಾಂ. ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ ತಗೊಳ್ತಾರೆ. ತೂಕ ಇಳಿಸೋಕೆ ಅಂತ ಎರಡು ವಾರದಿಂದ ದಿನಾ ಒಂದು ಲೋಟ ಗ್ರೇಪ್‌ಫ್ರೂಟ್ ಜ್ಯೂಸ್ ಕುಡೀತಿದ್ದಾರೆ. ಈಗ ಎದ್ದು ನಿಂತರೆ ತಲೆ ಸುತ್ತುತ್ತೆ, ಮುಖ ಬಿಸಿಯಾಗುತ್ತೆ, ಪಾದ ಊದಿಕೊಂಡಿದೆ. ಬೆಳಿಗ್ಗೆ 11ಕ್ಕೆ ನೋಡಿದರೆ ಬಿ.ಪಿ. 98/58, ನಾಡಿ 96. ಮೊದಲು ಮೇಲಿನದು 130ರ ಆಸುಪಾಸು ಇರ್ತಿತ್ತು. ಮಾತ್ರೆ ಜೊತೆ ಈ ಜ್ಯೂಸ್ ಬೇಡ ಅಂತ ಓದಿ, ಜ್ಯೂಸನ್ನು ರಾತ್ರಿ 9ಕ್ಕೆ ಬದಲಾಯಿಸಿದೆವು. ಆದರೂ ಸರಿ ಹೋಗಿಲ್ಲ. ಇನ್ನೂ ಎಷ್ಟು ಅಂತರ ಬಿಡಬೇಕು?

ರಘು: ಎರಡು ಗಂಟೆ ಅಂತರ ಇದ್ದರೆ ಸಾಕು ಮೇಡಂ. ಹೊಟ್ಟೆಯಲ್ಲಿ ಎರಡೂ ಬೆರೆಯಬಾರದು ಅಷ್ಟೇ. ನೀವು 11 ಗಂಟೆ ಬಿಟ್ಟಿದ್ದೀರಿ, ಹಾಗಾಗಿ ಇದು ಜ್ಯೂಸಿಂದ ಆಗಿರೋದಲ್ಲ. ಪಾದ ಊದಿದೆ ಅಂದರೆ ಕಿಡ್ನಿ ನೋಡಿಸಿ. ನೀರು ಇಳಿಯೋ ಮಾತ್ರೆ ಕೊಟ್ಟರೆ ಇಳಿಯುತ್ತೆ.

ಶ್ರೀಧರ (ಆಸ್ಪತ್ರೆ ಫಾರ್ಮಸಿಸ್ಟ್): ಸುಮಾ ಅವರೇ, ಮೊದಲು ಇವತ್ತಿನ ಕೆಲಸ. ಜ್ಯೂಸ್ ಇವತ್ತೇ ನಿಲ್ಲಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ನಾಳೆ ಮಾತ್ರೆ ನುಂಗುವ ಮುಂಚೆಯೇ ಬಿ.ಪಿ. ನೋಡಿ. ಮೇಲಿನದು 100ರ ಕೆಳಗಿದ್ದು ತಲೆಯೂ ಸುತ್ತುತ್ತಿದ್ದರೆ, ಡಾಕ್ಟರನ್ನು ಕೇಳದೆ ಮಾತ್ರೆ ಕೊಡಬೇಡಿ. ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ನೋವು ಬಂದರೆ, ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಅಂತರದ ವಿಷಯ. ರಘು ಅವರು ಹೇಳಿದ್ದು ಕೆಲವು ಔಷಧಗಳಿಗೆ ನಿಜ. ಉದಾಹರಣೆಗೆ ಥೈರಾಯ್ಡ್ ಮಾತ್ರೆ ಮತ್ತು ಕಬ್ಬಿಣದ ಮಾತ್ರೆ ಹೊಟ್ಟೆಯಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಿ ಅಂತರ ಕೆಲಸ ಮಾಡುತ್ತೆ. ಗ್ರೇಪ್‌ಫ್ರೂಟ್ ಹಾಗಲ್ಲ. ಅದು ಮಾತ್ರೆಯನ್ನು ಮುಟ್ಟುವುದೇ ಇಲ್ಲ. ಅದು ಕೆಡಿಸುವುದು ನಮ್ಮ ಕರುಳಿನ ಗೋಡೆಯನ್ನು ಕಾಯುವ ಒಂದು ಕಿಣ್ವವನ್ನು.

ಫೆಲೋಡಿಪಿನ್ ನುಂಗಿದರೆ ಕರುಳಿನ ಗೋಡೆ ಮತ್ತು ಲಿವರ್ ದಾಟುವಷ್ಟರಲ್ಲೇ ಅದರ ಬಹುಪಾಲು ಒಡೆದು ಹೋಗುತ್ತೆ. ರಕ್ತಕ್ಕೆ ಸೇರುವುದು ಸುಮಾರು ನೂರಕ್ಕೆ 15 ಭಾಗ. ಅಂದರೆ 10 ಮಿ.ಗ್ರಾಂ. ನುಂಗಿದರೆ ಒಂದೂವರೆ ಮಿ.ಗ್ರಾಂ. ಮಾತ್ರ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಡೋಸ್ ನಿಗದಿ ಮಾಡಿರುತ್ತಾರೆ. ಹೀಗೆ ಒಡೆಯುವ ಕಿಣ್ವದ ಹೆಸರು ಸಿವೈಪಿ3ಎ4. ಗ್ರೇಪ್‌ಫ್ರೂಟಿನಲ್ಲಿರುವ ಫ್ಯೂರಾನೋಕೂಮರಿನ್ ಎಂಬ ವಸ್ತುಗಳು ಕರುಳಿನಲ್ಲಿರುವ ಈ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ಜ್ಯೂಸ್ ಜೀರ್ಣವಾಗಿ ಹೋದ ಮೇಲೂ ಕೆಟ್ಟ ಕಿಣ್ವ ರಿಪೇರಿ ಆಗುವುದಿಲ್ಲ. ಕರುಳು ಹೊಸದಾಗಿ ಮಾಡಿಕೊಳ್ಳಬೇಕು. ಅದಕ್ಕೆ ಒಂದು ದಿನದಿಂದ ಮೂರು ದಿನ ಬೇಕು.

ಒಂದೇ ಲೋಟ, ಅಂದರೆ 200–250 ಮಿ.ಲೀ., ಇದಕ್ಕೆ ಸಾಕು. ಪರಿಣಾಮ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ 12 ಗಂಟೆ ಹಿಡಿಯುತ್ತೆ. ನಿಮ್ಮ ತಂದೆ ರಾತ್ರಿ 9ಕ್ಕೆ ಕುಡಿದು ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗುವಾಗ ಅರ್ಧಕ್ಕಿಂತ ಹೆಚ್ಚು ಉಳಿದೇ ಇರುತ್ತೆ. ಹೊಸ ಕಿಣ್ವ ಚೇತರಿಸಿಕೊಳ್ಳುವ ಮೊದಲೇ ಆ ರಾತ್ರಿ ಮತ್ತೆ ಒಂದು ಲೋಟ. ದಿನಾ ಕುಡಿಯುವವರಿಗೆ ಸರಿಯಾದ ಹೊತ್ತು ಅನ್ನೋದೇ ಇಲ್ಲ.

ಪರೀಕ್ಷೆಗಳಲ್ಲಿ ಈ ಜ್ಯೂಸ್ ಕುಡಿದವರ ರಕ್ತದಲ್ಲಿ ಫೆಲೋಡಿಪಿನ್ ಸರಾಸರಿ ಎರಡರಿಂದ ಮೂರು ಪಟ್ಟು ಏರಿದೆ. ಎರಡೇ ಪಟ್ಟು ಅಂದುಕೊಂಡರೂ ನಿಮ್ಮ ತಂದೆಗೆ ಸಿಗುತ್ತಿರುವುದು 20 ಮಿ.ಗ್ರಾಂ. ಮಾತ್ರೆಯ ಪೆಟ್ಟು. ಸಾಮಾನ್ಯವಾಗಿ ದಿನಕ್ಕೆ 10ರ ಮೇಲೆ ಕೊಡುವುದಿಲ್ಲ. ಈ ಔಷಧ ರಕ್ತನಾಳಗಳನ್ನು ಸಡಿಲ ಮಾಡುತ್ತೆ. ಅತಿಯಾದಾಗ ಬಿ.ಪಿ. ಬೀಳುತ್ತೆ, ಮುಖ ಬಿಸಿಯಾಗುತ್ತೆ, ಬಿದ್ದ ಬಿ.ಪಿ.ಯನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯುತ್ತೆ. ನಾಡಿ 96 ಬಂದಿದ್ದು ಅದಕ್ಕೇ ಇರಬೇಕು. ಪಾದದ ಊತವೂ ಇದಕ್ಕೆ ಹೊಂದುತ್ತೆ. ಸಡಿಲವಾದ ಸಣ್ಣ ನಾಳಗಳಿಂದ ನೀರು ಅಕ್ಕಪಕ್ಕಕ್ಕೆ ಸೋರಿ ಪಾದದಲ್ಲಿ ನಿಲ್ಲುತ್ತೆ. ಈ ಊತಕ್ಕೆ ನೀರಿನ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ, ಮೇಲಾಗಿ ಬಿ.ಪಿ. ಇನ್ನೂ ಕೆಳಗೆ ಹೋಗುತ್ತೆ. ಕಿಡ್ನಿ ಪರೀಕ್ಷೆ ಮಾಡಿಸುವುದು ತಪ್ಪಲ್ಲ. ಜ್ಯೂಸ್ ವಿಷಯ ಮುಚ್ಚಿಟ್ಟು ಮಾಡಿಸಬೇಡಿ, ಅಷ್ಟೇ.

ರಘು: ಸರಿ, ಅಂತರದ ವಿಷಯ ಒಪ್ಪಿದೆ. ಹಾಗಾದರೆ ಜ್ಯೂಸ್ ಕುಡಿದು ಅರ್ಧ ಮಾತ್ರೆ ತಗೊಂಡರೆ ಲಾಭ ಅಲ್ವಾ ಸರ್? ಔಷಧವೂ ಉಳಿಯುತ್ತೆ.

ಶ್ರೀಧರ: ಈ ಯೋಚನೆ ನಿಮಗೊಬ್ಬರಿಗೇ ಬಂದಿದ್ದಲ್ಲ ಬಿಡಿ. ಆದರೆ ಎರಡು ಕಡೆ ಕೈ ಕೊಡುತ್ತೆ. ಫೆಲೋಡಿಪಿನ್ ಬರುವುದು ನಿಧಾನವಾಗಿ ಬಿಡುವ ಮಾತ್ರೆಯಾಗಿ. ಅದನ್ನು ಮುರಿದರೆ, ಅಗಿದರೆ, ಇಡೀ ದಿನದ ಔಷಧ ಒಮ್ಮೆಗೇ ಹೊರಬರಬಹುದು. ಇನ್ನೊಂದು, ಜ್ಯೂಸಿನ ಪೆಟ್ಟು ಎಷ್ಟು ಅಂತ ಮೊದಲೇ ಹೇಳೋಕೆ ಆಗಲ್ಲ. ಕರುಳಿನಲ್ಲಿ ಈ ಕಿಣ್ವ ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣದಲ್ಲಿರುತ್ತೆ. ಜಾಸ್ತಿ ಇದ್ದವರಿಗೆ ಏರಿಕೆ ಜಾಸ್ತಿ, ಕಡಿಮೆ ಇದ್ದವರಿಗೆ ಏನೂ ಗೊತ್ತಾಗದೇ ಹೋಗಬಹುದು. ಹಣ್ಣಿನಿಂದ ಹಣ್ಣಿಗೂ ವ್ಯತ್ಯಾಸ ಇದೆ. ಇವತ್ತು ಸರಿ ಹೋದ ಲೆಕ್ಕ ಮುಂದಿನ ವಾರ ತಪ್ಪುತ್ತೆ.

ಅಂದ ಹಾಗೆ ಇದು ಗೊತ್ತಾಗಿದ್ದೇ ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಜೊತೆಗಾರರು ಮದ್ಯ ಮತ್ತು ಫೆಲೋಡಿಪಿನ್ ಒಟ್ಟಿಗೆ ಸೇರಿದರೆ ಏನಾಗುತ್ತೆ ಅಂತ ನೋಡುತ್ತಿದ್ದರು. ಮದ್ಯದ ರುಚಿ ತಿಳಿಯಬಾರದು ಅಂತ ಗ್ರೇಪ್‌ಫ್ರೂಟ್ ಜ್ಯೂಸಿನಲ್ಲಿ ಬೆರೆಸಿದ್ದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಎಷ್ಟೋ ಜಾಸ್ತಿ ಕಂಡಿತು. ಹುಡುಕುತ್ತಾ ಹೋದರೆ ಕಾರಣ ಜ್ಯೂಸ್! 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ವಿಮಲಾ: ನನಗೂ ಇದೇ ತೊಂದರೆ. ನಾನು ಆಮ್ಲೋಡಿಪಿನ್ 5 ತಗೊಳ್ತೀನಿ. ಕ್ಯಾಲ್ಸಿಯಂ ತಡೆಯುವ ಮಾತ್ರೆ ಅಂತ ಗೊತ್ತಾದ ಮೇಲೆ ಹಾಲು, ಮೊಸರು ಎಲ್ಲಾ ಬಿಟ್ಟೆ. ದ್ರಾಕ್ಷಿ ಕೂಡ ಬಿಟ್ಟೆ. ಆದರೂ ಪಾದ ಊದುತ್ತೆ. ಇನ್ನೇನು ಬಿಡಬೇಕು?

ಶ್ರೀಧರ: ವಿಮಲಾ ಅವರೇ, ಇದಕ್ಕಾಗಿ ಬಿಟ್ಟಿದ್ದರೆ ಮೂರನ್ನೂ ವಾಪಸ್ ಶುರು ಮಾಡಿ. ದ್ರಾಕ್ಷಿಗೂ ಗ್ರೇಪ್‌ಫ್ರೂಟಿಗೂ ಸಂಬಂಧ ಇಲ್ಲ, ಗ್ರೇಪ್‌ಫ್ರೂಟ್ ಕಿತ್ತಳೆಯ ಕುಟುಂಬದ ದೊಡ್ಡ ಹಣ್ಣು. ಹಾಲಿನ ವಿಷಯ: ಮಾತ್ರೆ ತಡೆಯುವುದು ರಕ್ತನಾಳದ ಸ್ನಾಯು ಕೋಶಗಳ ಒಳಗೆ ಕ್ಯಾಲ್ಸಿಯಂ ನುಗ್ಗುವುದನ್ನು. ಊಟದ ಕ್ಯಾಲ್ಸಿಯಂ ಜಾಸ್ತಿಯಾದರೂ ರಕ್ತದಲ್ಲಿ ಅದರ ಮಟ್ಟವನ್ನು ದೇಹ ಬಿಗಿಯಾಗಿ ಹಿಡಿದಿಡುತ್ತೆ. ಒಂದು ಲೋಟ ಹಾಲಿಗೆ ಮಾತ್ರೆಯ ಕೆಲಸ ಕೆಡುವುದಿಲ್ಲ.

ಆಮ್ಲೋಡಿಪಿನ್‌ಗೂ ಗ್ರೇಪ್‌ಫ್ರೂಟಿನ ಪೆಟ್ಟು ಬಹಳ ಕಡಿಮೆ. ಅದು ಕರುಳಿನಲ್ಲಿ ಒಡೆಯುವುದೇ ಅಲ್ಪ, ನುಂಗಿದ್ದರಲ್ಲಿ ನೂರಕ್ಕೆ 60ರ ಮೇಲೆ ರಕ್ತಕ್ಕೆ ಸೇರುತ್ತೆ. ಕಾವಲು ಕಿತ್ತರೂ ಹೊಸದಾಗಿ ಒಳಬರಲು ಉಳಿದಿರುವುದೇ ಸ್ವಲ್ಪ. ನಿಮ್ಮ ಪಾದದ ಊತ ಮಾತ್ರೆಯದ್ದೇ ಇರಬಹುದು, ಅದು ಈ ಗುಂಪಿನ ಔಷಧಗಳ ಮಾಮೂಲಿ ಕಾಟ. ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸಬಹುದು, ಔಷಧ ಬದಲಾಯಿಸಬಹುದು.

ನಾಗೇಶ: ನರ್ಸಿಂಗ್ ಕೆಲಸ ಮಾಡ್ತೀನಿ. ನಮ್ಮಲ್ಲಿ ಆಮ್ಲೋಡಿಪಿನ್‌ಗೂ ಬೇಡ ಅಂತಲೇ ಹೇಳ್ತೀವಿ ಸರ್. ಯಾರಿಗೆ ಎಷ್ಟು ಏರುತ್ತೆ ಅಂತ ನೀವೇ ಹೇಳೋಕಾಗಲ್ಲ ಅಂದಿರಿ. ಹಾಗಿದ್ದ ಮೇಲೆ ಸುಮ್ನೆ ಯಾಕೆ ರಿಸ್ಕ್?

ಶ್ರೀಧರ: ಕೆಲವು ಔಷಧ ಚೀಟಿಗಳಲ್ಲಿ ಹಾಗೇ ಬರೆದಿರುತ್ತೆ, ಕೆಲವುಗಳಲ್ಲಿ ಇಲ್ಲ. ನಾನು ಆಮ್ಲೋಡಿಪಿನ್‌ಗೆ ಅಪರೂಪಕ್ಕೊಮ್ಮೆ ತಿಂದವರನ್ನು ಹೆದರಿಸಲ್ಲ. ಎಲ್ಲ ಮಾತ್ರೆಗೂ ಒಂದೇ ಎಚ್ಚರಿಕೆ ಕೊಟ್ಟರೆ, ನಿಜವಾಗಿ ಬೇಕಾದ ಕಡೆ ಜನ ಕಿವಿಗೆ ಹಾಕಿಕೊಳ್ಳಲ್ಲ ಅನ್ನೋದು ನನ್ನ ಅನಿಸಿಕೆ. ಫೆಲೋಡಿಪಿನ್, ನಿಸೋಲ್ಡಿಪಿನ್, ಲರ್ಕಾನಿಡಿಪಿನ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ವೆರಾಪಮಿಲ್‌ಗೆ ಏರಿಕೆ ಇಷ್ಟು ದೊಡ್ಡದಲ್ಲ, ಆದರೆ ಅದು ಹೃದಯದ ಬಡಿತವನ್ನೇ ನಿಧಾನ ಮಾಡುವ ಔಷಧ. ಅಲ್ಲೂ ನಾನು ಬೇಡ ಅಂತೀನಿ.

ನಾಗೇಶ: ಅದನ್ನು ಪೂರ್ತಿ ಒಪ್ಪೋಕೆ ಮನಸ್ಸಿಲ್ಲ, ಇರಲಿ. ಲರ್ಕಾನಿಡಿಪಿನ್ ಅಂದಿರಲ್ಲ, ಅದಕ್ಕೆ ಹಣ್ಣು ಒಂದೇ ಅಲ್ಲ, ಊಟವೇ ತೊಂದರೆ. ಜಿಡ್ಡಿನ ಊಟದ ನಂತರ ನುಂಗಿದರೆ ರಕ್ತದಲ್ಲಿ ನಾಲ್ಕು ಪಟ್ಟಿನವರೆಗೂ ಏರುತ್ತಂತೆ. ಊಟಕ್ಕೆ ಕನಿಷ್ಠ 15 ನಿಮಿಷ ಮುಂಚೆ ಅಂತ ಬರೆದಿದ್ದರೂ ಬಹಳ ಜನ ತಿಂಡಿ ಆದ ಮೇಲೆ ಎಲ್ಲ ಮಾತ್ರೆ ಒಟ್ಟಿಗೆ ನುಂಗಿಬಿಡ್ತಾರೆ. ಹಬ್ಬದೂಟದ ದಿನ ಮಾತ್ರ ತಲೆ ಸುತ್ತುತ್ತೆ ಅಂತ ಬಂದವರನ್ನು ಕೇಳಿದರೆ ಇದೇ ಸಿಗುತ್ತೆ.

ಶ್ರೀಧರ: ಹೌದು, ಒಳ್ಳೆಯದು ನೆನಪಿಸಿದಿರಿ. ಇಲ್ಲಿ ಮಾತ್ರ ರಘು ಅವರ ಅಂತರದ ಮಾತು ಕೆಲಸಕ್ಕೆ ಬರುತ್ತೆ. ಯಾಕಂದರೆ ಜಿಡ್ಡು ಮಾಡುವುದು ಆ ಹೊತ್ತಿನ ಆಟ, ಕಿಣ್ವವನ್ನು ಅದು ಕೆಡಿಸಲ್ಲ.

ಸುಮಾ: ಐದು ದಿನದ ನಂತರ ಬರೀತಿದ್ದೀನಿ. ಅವತ್ತೇ ಫೋನ್ ಮಾಡಿದೆ. ಜ್ಯೂಸ್ ಬಿಟ್ಟು, ಮಾರನೇ ದಿನದ ಮಾತ್ರೆ ಒಂದನ್ನು ಬಿಡಿಸಿ, ಆಮೇಲೆ ಅದೇ ಡೋಸ್ ಮುಂದುವರಿಸಲು ಡಾಕ್ಟರ್ ಹೇಳಿದರು. ನಾಲ್ಕನೇ ದಿನ 11 ಗಂಟೆಗೆ 126/76, ನಾಡಿ 78. ತಲೆ ಸುತ್ತು ಹೋಗಿದೆ. ಊತ ಸಂಜೆ ಹೊತ್ತಿಗೆ ಸ್ವಲ್ಪ ಇದ್ದೇ ಇದೆ. ಅಪ್ಪ ಈಗ ಕಿತ್ತಳೆ ಜ್ಯೂಸ್ ಕೇಳ್ತಿದ್ದಾರೆ. ಚಕ್ಕೋತ ಕೂಡ ತಿನ್ನಬಹುದಾ ಅಂತಾರೆ.

ಶ್ರೀಧರ: ಸಿಹಿ ಕಿತ್ತಳೆ ಆಗುತ್ತೆ. ಚಕ್ಕೋತ ಬೇಡ, ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಆ ವಸ್ತುಗಳು ಅದರಲ್ಲೂ ಇವೆ. ಮಾರ್ಮಲೇಡ್‌ಗೆ ಹಾಕುವ ಕಹಿ ಕಿತ್ತಳೆಯೂ ಅದೇ ಸಾಲಿನದು. ಡಬ್ಬಿಯ ಮಿಶ್ರ ಹಣ್ಣಿನ ರಸ ತಂದರೆ ಹಿಂದಿನ ಚೀಟಿ ಓದಿ. ಊತ ಇನ್ನೆರಡು ವಾರ ನೋಡಿ. ಆಗಲೂ ಇದ್ದರೆ ಅದು ಜ್ಯೂಸಿನದಲ್ಲ, ಮಾತ್ರೆಯದೋ ಬೇರೆಯದೋ ಅಂತ ಡಾಕ್ಟರೇ ನೋಡಬೇಕು. ಒಂದು ಕಾಲಿನಲ್ಲಿ ಮಾತ್ರ ಊದಿದರೆ, ನೋವಿದ್ದರೆ, ಎರಡು ವಾರ ಕಾಯಬೇಡಿ, ಕೂಡಲೇ ತೋರಿಸಿ.