ಅಪ್‌ಡೇಟ್: ಅಂಗಾಲಿನ ಉರಿಗೆ ಕಾರಣ ಸಿಕ್ಕಿತು

ನಾನು ಕೇಳಿದ್ದು: ಎಡಗಾಲಿನ ಪಾದದ ಕೀಲಿನ ಒಳಗಂಟಿನಿಂದ ಅಂಗಾಲಿನವರೆಗೆ ಉರಿ, ಜುಮ್ಮೆನ್ನುತ್ತದೆ. ಶುಗರ್ ಇಲ್ಲ. ಇದು ಹಿಮ್ಮಡಿ ನೋವಾ?

ಅಲ್ಲವಂತೆ. ರಾಯಚೂರಿನಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಟಾರ್ಸಲ್ ಟನಲ್ ಅಂದರು. ಒಳಗಂಟಿನ ಹಿಂದೆ ಒಂದು ಗಟ್ಟಿ ಪಟ್ಟಿಯ ಕೆಳಗೆ ಅಂಗಾಲಿಗೆ ಹೋಗುವ ನರ ಇರುತ್ತದೆ. ಅಲ್ಲಿ ಅದು ಒತ್ತಿಕೊಂಡಿದೆ.

ಅವರು ಮೊದಲು ಕೇಳಿದ್ದು ನೋವು ಯಾವಾಗ ಜಾಸ್ತಿ ಅಂತ. ಹಿಮ್ಮಡಿ ನೋವಾದರೆ ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ನನಗೆ ರೈಸ್ ಮಿಲ್ಲಿನಲ್ಲಿ ದಿನವಿಡೀ ನಿಂತ ಮೇಲೆ ಶುರುವಾಗಿ, ರಾತ್ರಿ ಮಲಗಿದಾಗಲೂ ಉರಿಯುತ್ತದೆ. ಶುಗರಿನ ಉರಿ ಸಾಮಾನ್ಯವಾಗಿ ಎರಡೂ ಪಾದಕ್ಕೆ ಬರುತ್ತದೆ. ನನ್ನದು ಒಂದೇ ಕಾಲು, ಪಾದದ ಮೇಲ್ಭಾಗಕ್ಕೆ ಏನೂ ಇಲ್ಲ.

ಆಮೇಲೆ ಒಳಗಂಟಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗಾಯಿತು! ಪಾದವನ್ನು ಮೇಲಕ್ಕೆತ್ತಿ ಹೊರಗೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದಾಗ ಅದೇ ಉರಿ ಎದ್ದಿತು. ಬೆನ್ನಿನ ನರ ಇರಬಹುದಾ ಅಂತ ಕಾಲನ್ನು ನೇರವಾಗಿ ಎತ್ತಿಯೂ ನೋಡಿದರು, ಅಲ್ಲಿ ತೊಂದರೆ ಇಲ್ಲ.

ನರದ ಟೆಸ್ಟ್ ನಾರ್ಮಲ್ ಬಂತು. ನನಗೆ ಗಾಬರಿಯಾಯಿತು. ಆದರೆ ಈ ಕಾಯಿಲೆ ಇದ್ದರೂ ಆ ಟೆಸ್ಟ್ ನಾರ್ಮಲ್ ಬರಬಹುದಂತೆ, ಕೈಯಿಂದ ತಟ್ಟಿ, ತಿರುಗಿಸಿ ನೋಡುವ ಪರೀಕ್ಷೆಯೇ ಮುಖ್ಯ ಅಂದರು. ಗಡ್ಡೆ ಅಥವಾ ಉಬ್ಬಿದ ರಕ್ತನಾಳ ನರವನ್ನು ಒತ್ತುತ್ತಿದೆಯಾ ಅಂತ ಸ್ಕ್ಯಾನ್ ಮಾಡಿಸಿದರು, ಅಂಥದ್ದೇನೂ ಕಾಣಲಿಲ್ಲ. ನನ್ನದು ಚಪ್ಪಟೆ ಪಾದ. ನಿಂತಾಗ ಅದು ಒಳಗೆ ವಾಲಿ ನರವನ್ನು ಎಳೆಯುತ್ತದೆ. ಈಗ ಪಾದದ ಒಳಬದಿಗೆ ಆಸರೆ ಕೊಡುವ ಇನ್‌ಸೋಲ್ ಹಾಕುತ್ತಿದ್ದೇನೆ, ರಾತ್ರಿ ಉರಿ ಕಡಿಮೆಯಾಗಿದೆ. ಮರಗಟ್ಟುವುದು ಹೆಚ್ಚಾದರೆ ಅಥವಾ ಬೆರಳುಗಳ ಬಲ ಕುಂದಿದರೆ ತಡಮಾಡದೆ ಬನ್ನಿ ಅಂದಿದ್ದಾರೆ.